ಆ್ಯಪ್ ಬಿಟ್ಟು ಬನ್ನಿ, ಆದರೆ ಕರೆ ಮಾಡಬೇಡಿ

(ಜಯನಗರದ ಗ್ರಂಥಾಲಯವೊಂದರ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ಕೈಬಿಟ್ಟು, ಕೊನೆಯಲ್ಲಿ ಕೇಳಿಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ನಾನು ವೃತ್ತಿಯಿಂದ ವಕೀಲೆ. ಆನ್‌ಲೈನ್ ವಂಚನೆಗೆ ಸಿಕ್ಕವರ ದೂರುಗಳನ್ನು ಸಿದ್ಧಪಡಿಸಿಕೊಡುವುದು ನನ್ನ ಕೆಲಸದ ಒಂದು ಭಾಗ. ಹಾಗಾಗಿ ಒಬ್ಬರನ್ನೊಬ್ಬರು ಕಾಣದ ಇಬ್ಬರ ನಡುವೆ ನಡೆದ ಚಾಟ್‌ಗಳನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಗಂಟೆ ನಿಮಿಷಗಳ ಸಮೇತ, ಓದಬೇಕಾಗುತ್ತದೆ. ಹಾಗೆ ಓದುವಾಗ ಮತ್ತೆ ಮತ್ತೆ ಎದುರಾಗುವ ಒಂದು ಸಂದರ್ಭವನ್ನು ಮಾತ್ರ ಇಂದು ಎತ್ತಿಕೊಳ್ಳುತ್ತೇನೆ. ಡೇಟಿಂಗ್ ಆ್ಯಪ್‌ನಲ್ಲಿ ಪರಸ್ಪರ ಇಷ್ಟಪಟ್ಟು ಮ್ಯಾಚ್ ಆದ ವ್ಯಕ್ತಿ ನಾಲ್ಕು ಸಾಲು ಬರೆಯುವಷ್ಟರಲ್ಲೇ ವಾಟ್ಸ್‌ಆ್ಯಪ್‌ಗೋ ಟೆಲಿಗ್ರಾಂಗೋ ಬನ್ನಿ ಎನ್ನುತ್ತಾರೆ. ಅಲ್ಲಿಗೆ ಹೋದ ಮೇಲೆ ಒಂದು ಕರೆ ಮಾಡಲೇ ಎಂದು ಕೇಳಿದರೆ ಬೇಡ ಎನ್ನುತ್ತಾರೆ. ಇದು ಎಚ್ಚರಿಕೆಯೋ, ನುಣುಚಿಕೊಳ್ಳುವಿಕೆಯೋ?

ಈ ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾವುದೂ ತಪ್ಪಲ್ಲ. ವಾಟ್ಸ್‌ಆ್ಯಪ್ ನಮ್ಮಲ್ಲಿ ಹಾಲಿನವರಿಗೂ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೂ ಬಳಕೆಯಾಗುವ ಸಾಧನ; ಅಲ್ಲಿಗೆ ಬನ್ನಿ ಎಂದವರೆಲ್ಲ ಮೋಸಗಾರರಾದರೆ ಊರಿನಲ್ಲಿ ಒಬ್ಬರೂ ಉಳಿಯುವುದಿಲ್ಲ. ಅಪರಿಚಿತರ ಜೊತೆ ಫೋನಿನಲ್ಲಿ ಮಾತನಾಡಲು ಹಿಂಜರಿಯುವುದೂ ಸಹಜವೇ. ತೊಡಕಿರುವುದು ಎರಡೂ ಒಟ್ಟಿಗೆ ಬಂದಾಗ. ಏಕೆಂದರೆ ಮೊದಲನೆಯದು ಹತ್ತಿರ ಬನ್ನಿ ಎನ್ನುತ್ತದೆ, ಎರಡನೆಯದು ದೂರ ನಿಲ್ಲಿ ಎನ್ನುತ್ತದೆ. ಒಬ್ಬರೇ ವ್ಯಕ್ತಿ ಒಂದೇ ಸಂಜೆ ಎರಡನ್ನೂ ಹೇಳಿದರೆ, ಹತ್ತಿರ ಬರುತ್ತಿರುವುದು ಯಾರು, ದೂರ ನಿಂತಿರುವುದು ಯಾರು ಎಂದು ಕೇಳಿಕೊಳ್ಳಬೇಕು.

ಮೊದಲು ನಿಜವಾದ ಎಚ್ಚರಿಕೆ ಹೇಗಿರುತ್ತದೆ ಎಂಬುದನ್ನು ನೋಡೋಣ. ನಮ್ಮ ದೇಶದಲ್ಲಿ ಹತ್ತಂಕಿಯ ಫೋನ್ ನಂಬರ್ ಎಂದರೆ ಬರೀ ನಂಬರ್ ಅಲ್ಲ. ಅದನ್ನು ಟ್ರೂಕಾಲರ್‌ನಲ್ಲಿ ಹಾಕಿದರೆ ಬೇರೆಯವರು ತಮ್ಮ ಫೋನಿನಲ್ಲಿ ಆ ನಂಬರನ್ನು ಯಾವ ಹೆಸರಿನಲ್ಲಿ ಉಳಿಸಿಕೊಂಡಿದ್ದಾರೋ ಅದು ಕಾಣಬಹುದು, ಕೆಲವೊಮ್ಮೆ ಹೆಸರಿನ ಜೊತೆ ಕಂಪನಿಯ ಹೆಸರೂ ಅಂಟಿಕೊಂಡಿರುತ್ತದೆ. ಯುಪಿಐ ಆ್ಯಪ್‌ನಲ್ಲಿ ಹಾಕಿದರೆ, ಒಂದು ರೂಪಾಯಿಯನ್ನೂ ಕಳಿಸದೆ, ಬ್ಯಾಂಕ್ ಖಾತೆಯಲ್ಲಿರುವ ಪೂರ್ಣ ಹೆಸರು ತೆರೆಯ ಮೇಲೆ ಬರಬಹುದು. ಪೂರ್ಣ ಹೆಸರು ಸಿಕ್ಕರೆ ಲಿಂಕ್ಡ್‌ಇನ್ ಸಿಗುತ್ತದೆ, ಅಲ್ಲಿಂದ ಕಚೇರಿ ಸಿಗುತ್ತದೆ. ಬೆಳ್ಳಂದೂರಿನ ಯಾವ ಟೆಕ್ ಪಾರ್ಕಿನ ಯಾವ ಗೇಟಿನಲ್ಲಿ ಸಂಜೆ ಆರೂವರೆಗೆ ಕಾಯಬೇಕು ಎನ್ನುವವರೆಗೆ ಹೋಗಲು ಒಬ್ಬ ಹಠಮಾರಿಗೆ ಅರ್ಧ ಗಂಟೆ ಸಾಕು. ಇದನ್ನು ಅನುಭವಿಸಿದ ಹೆಣ್ಣುಮಕ್ಕಳು ನಂಬರ್ ಕೊಡಲು ಹಿಂದೆಗೆದರೆ ಅದು ಬಿಗುಮಾನವಲ್ಲ, ಲೆಕ್ಕಾಚಾರ. ಹೀಗೆ ಲೆಕ್ಕ ಹಾಕುವವರು ಏನು ಮಾಡುತ್ತಾರೆ? ಆ್ಯಪ್‌ನಲ್ಲೇ ಉಳಿಯುತ್ತಾರೆ. ಅಲ್ಲಿ ಕಾಣುವುದು ಪ್ರೊಫೈಲಿನಲ್ಲಿ ತಾವೇ ಹಾಕಿಕೊಂಡದ್ದು ಮಾತ್ರ, ಫೋನ್ ನಂಬರ್ ಅಲ್ಲ. ಮನಸ್ಸಿಗೆ ಬಾರದಿದ್ದರೆ ಅನ್‌ಮ್ಯಾಚ್ ಒತ್ತಿದರೆ ಮುಗಿಯಿತು. ಎಚ್ಚರಿಕೆಯುಳ್ಳವರು ತಾವು ಕೊಡುವುದನ್ನೂ ಕಡಿಮೆ ಮಾಡುತ್ತಾರೆ, ನಮ್ಮಿಂದ ಕೇಳುವುದನ್ನೂ ಕಡಿಮೆ ಮಾಡುತ್ತಾರೆ. ಈ ಸಮತೋಲವೇ ಅವರ ಗುರುತು.

ಇಲ್ಲೊಂದು ಅಪವಾದವನ್ನು ಈಗಲೇ ಹೇಳಿಬಿಡಬೇಕು. ಟೆಲಿಗ್ರಾಂನಲ್ಲಿ ನಂಬರನ್ನು ಯಾರಿಗೂ ಕಾಣದಂತೆ ಮರೆಮಾಡಿ, ಬರೀ ಬಳಕೆದಾರ ಹೆಸರಿನಿಂದ ಮಾತನಾಡಬಹುದು. ಆದ್ದರಿಂದ ನಂಬರ್ ಕೊಡಬಾರದೆಂಬ ಕಾರಣಕ್ಕೇ ಟೆಲಿಗ್ರಾಂಗೆ ಕರೆಯುವ ಪ್ರಾಮಾಣಿಕರೂ ಇದ್ದಾರೆ. ಬರೀ ಆ್ಯಪ್ ಬದಲಿಸಿದ್ದನ್ನು ನೋಡಿ ತೀರ್ಪು ಕೊಡಲಾಗದು ಎನ್ನುವುದು ಇದಕ್ಕೇ.

ಇನ್ನು ಆ ಕಡೆಯ ಅವಸರಕ್ಕೆ ಕಾರಣವೇನು? ಡೇಟಿಂಗ್ ಆ್ಯಪ್‌ನಲ್ಲಿ ಮೋಸದ ಖಾತೆಗೆ ಆಯಸ್ಸು ಕಡಿಮೆ. ಒಂದೇ ಖಾತೆಯಿಂದ ಹತ್ತಾರು ಜನರಿಗೆ ಒಂದೇ ಬಗೆಯ ಸಂದೇಶ ಹೋದಾಗ, ಅವರಲ್ಲಿ ಒಂದಿಬ್ಬರು ರಿಪೋರ್ಟ್ ಒತ್ತಿದಾಗ, ಆ ಖಾತೆಯನ್ನು ಸಂಸ್ಥೆಯವರು ಮುಚ್ಚಬಹುದು. ಖಾತೆ ಮುಚ್ಚಿದರೆ ಅದರೊಳಗೆ ನಡೆಯುತ್ತಿದ್ದ ಎಲ್ಲ ಮಾತುಕತೆಯೂ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಖಾತೆ ಬದುಕಿರುವಾಗಲೇ ಎಷ್ಟು ಜನರನ್ನು ಹೊರಗೆ ಕರೆದೊಯ್ಯಲು ಸಾಧ್ಯವೋ ಅಷ್ಟು ಜನರನ್ನು ಕರೆದೊಯ್ಯಬೇಕು. ಸಂಬಂಧ ಬೇಗ ಬೆಳೆಯಲಿ ಎಂಬ ಆಸೆ ಅಲ್ಲಿಲ್ಲ, ಬಾಗಿಲು ಮುಚ್ಚುವ ಮುನ್ನ ಸರಕು ಸಾಗಿಸುವ ಧಾವಂತವಿದೆ. ಹೊರಗೆ ಹೋದ ನಂತರ ನಾವು ಕಳೆದುಕೊಳ್ಳುವುದೂ ಸ್ಪಷ್ಟ. ಆ್ಯಪ್‌ನಲ್ಲಿ ಸೆಲ್ಫಿ ಕೊಟ್ಟು ಫೋಟೋ ಪರಿಶೀಲನೆ ಮಾಡಿಸಿಕೊಂಡ ಗುರುತು ಇದ್ದರೆ, ಅದು ಆ ಪ್ರೊಫೈಲಿಗೆ ಮಾತ್ರ ಅಂಟಿದ ಗುರುತು. ವಾಟ್ಸ್‌ಆ್ಯಪ್‌ನಲ್ಲಿ ಬಂದು ಬರೆಯುತ್ತಿರುವವರು ಅದೇ ವ್ಯಕ್ತಿ ಎಂದು ಅದು ಹೇಳುವುದಿಲ್ಲ. ಮೇಲಾಗಿ, ನಾವು ಹೊರಬಂದ ತಕ್ಷಣ ಆ ಕಡೆಯವರು ಅನ್‌ಮ್ಯಾಚ್ ಮಾಡಿದರೆ ಪ್ರೊಫೈಲೂ ಹಳೆಯ ಮಾತುಗಳೂ ನಮ್ಮ ಕಣ್ಣಿಂದ ಮಾಯವಾಗುತ್ತವೆ. ದೂರು ಬರೆಯುವ ದಿನ ಯಾವ ಪ್ರೊಫೈಲ್ ಎಂಬ ಪ್ರಶ್ನೆಯ ಮುಂದೆ ಬರೆಯಲು ಏನೂ ಇರುವುದಿಲ್ಲ.

ಧ್ವನಿಗೆ ಏಕೆ ಹೆದರುತ್ತಾರೆ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಈ ವಂಚನೆಯ ದೊಡ್ಡ ಪಾಲು ಒಬ್ಬ ಧೂರ್ತ ಕೋಣೆಯಲ್ಲಿ ಕುಳಿತು ಮಾಡುವ ಕೆಲಸವಲ್ಲ, ಅದೊಂದು ಕಾರ್ಖಾನೆ. ಕಾಂಬೋಡಿಯಾ, ಮ್ಯಾನ್ಮಾರ್‌ಗಳಲ್ಲಿ ಬೇಲಿ ಹಾಕಿದ ಆವರಣಗಳೊಳಗೆ, ಉದ್ಯೋಗದ ಆಮಿಷಕ್ಕೆ ಬಲಿಯಾಗಿ ಸಿಕ್ಕಿಹಾಕಿಕೊಂಡವರನ್ನು ಕೂರಿಸಿ ಈ ಸಂದೇಶಗಳನ್ನು ಬರೆಸುತ್ತಾರೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿ, ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮಂದಿ ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿ ಹೀಗೆ ಬಲವಂತಕ್ಕೆ ಒಳಗಾಗಿರಬಹುದೆಂದು ಅಂದಾಜಿಸಿತು. ಭಾರತದಿಂದ ಹೋಗಿ ಸಿಲುಕಿದವರೂ ಅವರಲ್ಲಿದ್ದಾರೆ. ಅಲ್ಲಿ ಒಬ್ಬರು ಏಕಕಾಲಕ್ಕೆ ಹಲವು ಜನರೊಡನೆ ಬರೆಯುತ್ತಿರುತ್ತಾರೆ. ಪಾಳಿ ಬದಲಾದಾಗ ಅದೇ ಚಾಟನ್ನು ಇನ್ನೊಬ್ಬರು ಮುಂದುವರಿಸುತ್ತಾರೆ. ಬರಹದಲ್ಲಿ ಈ ಬದಲಾವಣೆ ಕಾಣುವುದಿಲ್ಲ. ಮಂಗಳೂರಿನ ಇಪ್ಪತ್ತೊಂಬತ್ತರ ಯುವತಿ ಎಂದು ಬರೆಯುತ್ತಿರುವ ಕೈ ಯಾವ ದೇಶದ ಯಾವ ಗಂಡಸಿನದೂ ಆಗಿರಬಹುದು, ಅನುವಾದದ ಸಾಧನ ಅವನ ಮಾತನ್ನು ಕನ್ನಡ ಮಾಡಿಕೊಡುತ್ತದೆ. ಆದರೆ ಬಾಯಿ ತೆರೆದರೆ ಗಂಡೋ ಹೆಣ್ಣೋ, ಯಾವ ಭಾಷೆಯವರು, ನಿನ್ನೆ ಮಾತನಾಡಿದವರೇ ಇಂದೂ ಮಾತನಾಡುತ್ತಿದ್ದಾರೆಯೇ ಎಂಬುದೆಲ್ಲ ಒಂದೇ ನಿಮಿಷದಲ್ಲಿ ಬಯಲಾಗುತ್ತದೆ. ಹಾಗಾಗಿ ಅವರ ಇಡೀ ವ್ಯವಸ್ಥೆ ಬರಹದ ಮೇಲೆ ನಿಂತಿದೆ. ಬರೆಯುತ್ತಿರುವವರೂ ಎಷ್ಟೋ ಸಲ ಸೆರೆಯಾಳುಗಳೇ ಎಂಬುದನ್ನು ನೆನೆದಾಗ ನನಗೆ ಸಂಕಟವಾಗುತ್ತದೆ. ಆದರೆ ಅದರಿಂದ ಇಲ್ಲಿ ಹಣ ಕಳೆದುಕೊಂಡವರ ಸಂಕಟ ಕಡಿಮೆಯಾಗುವುದಿಲ್ಲ.

ಈಗ ಒಂದು ಪ್ರಕರಣ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಆದರೆ ಘಟನೆಗಳ ಕ್ರಮ ಹಾಗೆಯೇ ಇದೆ. ವಿಜಯನಗರದಲ್ಲಿ ತಾಯಿಯೊಡನೆ ವಾಸಿಸುವ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಮೂವತ್ತನಾಲ್ಕು ವರ್ಷದ ಒಬ್ಬರಿಗೆ ಶುಕ್ರವಾರ ರಾತ್ರಿ 9.40ಕ್ಕೆ ಮ್ಯಾಚ್ ಆಯಿತು. ಆಕೆಯ ಊರು ಮಂಗಳೂರು, ಕೆಲಸ ವೈಟ್‌ಫೀಲ್ಡ್‌ನಲ್ಲಿ ಎಂದಿತ್ತು. 9.58ಕ್ಕೆ, ಅಂದರೆ ಹದಿನೆಂಟು ನಿಮಿಷದಲ್ಲಿ, "ನಾನು ಈ ಆ್ಯಪ್ ಹೆಚ್ಚು ತೆರೆಯುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡೋಣ" ಎಂಬ ಸಂದೇಶ ಬಂತು. ಗಮನಿಸಿ, ಆಕೆ ತನ್ನ ನಂಬರ್ ಕೊಡಲಿಲ್ಲ, ಇವರ ನಂಬರ್ ಕೇಳಿದಳು. ಇವರು ಕೊಟ್ಟರು. ಮರುದಿನ ಬೆಳಗ್ಗೆ ಆ್ಯಪ್ ತೆರೆದರೆ ಮ್ಯಾಚ್ ಇರಲಿಲ್ಲ. ಕೇಳಿದ್ದಕ್ಕೆ, "ನೀವು ಸಿಕ್ಕ ಮೇಲೆ ಆ್ಯಪ್ ಅಳಿಸಿಬಿಟ್ಟೆ" ಎಂದಳು. ಇವರಿಗೆ ಅದು ಪ್ರೀತಿಯ ಮಾತಾಗಿ ಕೇಳಿಸಿತು. ನಾನು ಓದಿದಾಗ ಪ್ರೊಫೈಲಿನ ಸಾಕ್ಷ್ಯ ಹೋದ ಕ್ಷಣವಾಗಿ ಕಂಡಿತು.

ಕರೆಯ ವಿಷಯ ಮೂರನೆಯ ದಿನ ಬಂತು. ಇವರು ಕೇಳಿದಾಗ ಆಕೆ ಮನೆಯಲ್ಲಿ ಅಮ್ಮ ಇದ್ದಾರೆ ಎಂದಳು. ಒಪ್ಪತಕ್ಕ ಕಾರಣವೇ. ಹಾಗಾದರೆ ಕಚೇರಿಯಿಂದ ಹೊರಡುವಾಗ ಮಾಡಿ ಎಂದು ಇವರು ಐದನೆಯ ದಿನ ಹೇಳಿದರು. ಆಗ ಅಮ್ಮನ ಮಾತೇ ಬರಲಿಲ್ಲ, ಫೋನಿನ ಮೈಕ್ ಹಾಳಾಗಿದೆ ಎಂದಾಯಿತು. ಆರನೆಯ ದಿನ ಏಳು ಸೆಕೆಂಡಿನ ಒಂದು ವಾಯ್ಸ್ ನೋಟ್ ಬಂತು. ಇಂಗ್ಲಿಷಿನಲ್ಲಿ ಶುಭರಾತ್ರಿ ಹೇಳುವ ಹೆಣ್ಣುಧ್ವನಿ. ಮೈಕ್ ಹಾಳಾಗಿದ್ದರೆ ಇದು ಹೇಗೆ ಬಂತು ಎಂದು ಇವರಿಗೆ ಹೊಳೆಯಲಿಲ್ಲ. ಆ ಧ್ವನಿಯಲ್ಲಿ ಇವರ ಹೆಸರಿರಲಿಲ್ಲ, ಆ ದಿನ ಮಾತನಾಡಿದ ಯಾವ ವಿಷಯವೂ ಇರಲಿಲ್ಲ. ಯಾರಿಗೆ ಬೇಕಾದರೂ, ಎಷ್ಟು ಸಲ ಬೇಕಾದರೂ ಕಳಿಸಬಹುದಾದ ಧ್ವನಿ ಅದು. ಎಂಟನೆಯ ದಿನ ಇವರು ಮತ್ತೆ ಕೇಳಿದಾಗ ಹಳೆಯ ಸಂಬಂಧವೊಂದರಲ್ಲಿ ಫೋನಿನ ಮೇಲೆಯೇ ತುಂಬಾ ನೋವಾಗಿತ್ತು ಎಂದಳು; ಅದಾದ ಹತ್ತು ನಿಮಿಷಕ್ಕೆ, "ನಿಮಗೆ ನನ್ನ ಮೇಲೆ ನಂಬಿಕೆಯೇ ಇಲ್ಲ" ಎಂದಳು. ಇವರು ಕ್ಷಮೆ ಕೇಳಿದರು. ಅಲ್ಲಿಂದ ಮುಂದೆ ಕರೆಯ ಮಾತು ಎತ್ತಲಿಲ್ಲ. ಹತ್ತೊಂಬತ್ತನೆಯ ದಿನ ಹೂಡಿಕೆಯ ಮಾತು ಬಂತು. ಮುಂದಿನದನ್ನು ವಿವರಿಸಬೇಕಿಲ್ಲ, ಒಟ್ಟು 4,60,000 ರೂಪಾಯಿ ಹೋಯಿತು.

ಈ ಚಾಟಿನಲ್ಲಿ ಎರಡು ಸಣ್ಣ ವಿಷಯಗಳು ನನ್ನ ಕಣ್ಣಿಗೆ ಬಿದ್ದವು. ಒಂದು, ಆಕೆಯ ಕನ್ನಡ. ಪ್ರತಿ ಮಧ್ಯಾಹ್ನ ಆಕೆ ಬರೆಯುತ್ತಿದ್ದುದು, "ನೀವು ನಿಮ್ಮ ಮಧ್ಯಾಹ್ನದ ಊಟವನ್ನು ತಿಂದಿದ್ದೀರಾ?" ಎಂದು. ಮಂಗಳೂರಿನವರಿರಲಿ, ಮೈಸೂರಿನವರಿರಲಿ, ಧಾರವಾಡದವರಿರಲಿ, ಕನ್ನಡ ಆಡುವ ಯಾರೂ ಇಷ್ಟುದ್ದ ಕೇಳುವುದಿಲ್ಲ. "ಊಟ ಆಯ್ತಾ" ಎನ್ನುತ್ತಾರೆ, ಅದನ್ನೂ ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ. ಆದರೆ ಇದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಕನ್ನಡ ಬರೆಯಲು ಬಾರದ ಮಕ್ಕಳು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ.

ಎರಡನೆಯದು ಹೆಚ್ಚು ಗಟ್ಟಿಯಾದುದು. ಎಂಟನೆಯ ದಿನ ಇವರು ಮನಸ್ಸು ತಡೆಯದೆ ಆ ನಂಬರಿಗೆ ವಾಟ್ಸ್‌ಆ್ಯಪ್ ಮೂಲಕವಲ್ಲದೆ ಸಾಮಾನ್ಯ ಕರೆಯನ್ನೇ ಮಾಡಿದ್ದರು. ಅದು +91ರಿಂದ ಆರಂಭವಾಗುವ ನಮ್ಮ ದೇಶದ ನಂಬರೇ. ಸ್ವಿಚ್ ಆಫ್ ಆಗಿದೆ ಎಂಬ ಧ್ವನಿ ಬಂತು. ಅದೇ ಹೊತ್ತಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಆಕೆ ಆನ್‌ಲೈನ್ ಇದ್ದಳು. ಕಾರಣ ಸರಳ. ಆಗ ವಾಟ್ಸ್‌ಆ್ಯಪ್ ಖಾತೆ ತೆರೆಯಲು ಒಟಿಪಿ ಬರುವಷ್ಟು ಹೊತ್ತು ಸಿಮ್ ಕೆಲಸ ಮಾಡಿದರೆ ಸಾಕಾಗಿತ್ತು, ಆಮೇಲೆ ಸಿಮ್ಮನ್ನು ತೆಗೆದಿಟ್ಟರೂ ಖಾತೆ ಬೇರೆಲ್ಲೋ ನಡೆಯುತ್ತಿತ್ತು. ಯಾರದೋ ಹೆಸರಿನ ಸಿಮ್ ಇಲ್ಲಿ, ಬರೆಯುವ ಕೈ ಇನ್ನೆಲ್ಲೋ. ಆದ್ದರಿಂದ +91 ನೋಡಿ ನಮ್ಮೂರಿನವರೇ ಎಂದುಕೊಳ್ಳುವುದಕ್ಕೆ ಆಧಾರವಿಲ್ಲ. ಹಾಗೆಂದು ಒಂದೇ ಸಲ ಸ್ವಿಚ್ ಆಫ್ ಬಂದದ್ದಕ್ಕೆ ಗಾಬರಿಯಾಗಬೇಕಿಲ್ಲ. ರಾತ್ರಿ ಫೋನನ್ನು ಫ್ಲೈಟ್ ಮೋಡ್‌ನಲ್ಲಿಟ್ಟು ವೈಫೈಯಲ್ಲಿ ಬರೆಯುವವರಿದ್ದಾರೆ. ಬೇರೆ ಬೇರೆ ದಿನ, ಹಗಲಿನಲ್ಲಿ, ಆನ್‌ಲೈನ್ ಇರುವಾಗಲೂ ಅದೇ ಉತ್ತರ ಬರುತ್ತಿದ್ದರೆ ಆಗ ಅದಕ್ಕೆ ಅರ್ಥವಿದೆ.

ಈ ಪ್ರಕರಣದಲ್ಲಿ ಆಕೆ ಕರೆ ನಿರಾಕರಿಸಿದ್ದಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಕಾರಣಗಳ ನಡಿಗೆಯನ್ನು. ಅಮ್ಮ, ಮೈಕ್, ಹಳೆಯ ನೋವು, ಕೊನೆಗೆ ನಿಮ್ಮ ಅಪನಂಬಿಕೆ. ಇವರು ಒಂದು ಅಡ್ಡಿಗೆ ದಾರಿ ಹುಡುಕಿದೊಡನೆ ಅದು ಕರಗಿ ಇನ್ನೊಂದು ಎದ್ದಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎಂದು ನಾವು ಹೇಳುವುದು ಇಂಥ ಮಾತಿಗೇ: ಇಲ್ಲ ಎಂದೂ ಹೇಳುವುದಿಲ್ಲ, ಹೌದು ಎಂದೂ ಹೇಳುವುದಿಲ್ಲ. ನಿಜವಾದ ಅಡ್ಡಿ ಹೀಗೆ ಕರಗುವುದಿಲ್ಲ. ಅದು ಇದ್ದ ಜಾಗದಲ್ಲೇ ಇರುತ್ತದೆ.

ಇದು ಸ್ಪಷ್ಟವಾಗಲು ಇನ್ನೊಬ್ಬರ ಸಂಗತಿಯನ್ನು ಹೇಳುತ್ತೇನೆ. ನನ್ನ ಪರಿಚಯದ ಕುಟುಂಬದ ಹುಡುಗನೊಬ್ಬ, ಮಾಧ್ಯಮಗಳಲ್ಲಿ ಬರುವ ವಂಚನೆಯ ಸುದ್ದಿಗಳನ್ನು ಓದಿ ಹೆದರಿ, ತನ್ನ ಚಾಟನ್ನು ತಂದು ತೋರಿಸಿದ. ಮಾರತ್ತಹಳ್ಳಿಯ ಪಿಜಿಯಲ್ಲಿರುವ ಹುಡುಗಿ. ಮೊದಲ ದಿನವೇ ಟೆಲಿಗ್ರಾಂಗೆ ಕರೆದಿದ್ದಳು, ಹನ್ನೊಂದು ದಿನ ಕರೆ ಬೇಡ ಎಂದಿದ್ದಳು. ಹೊರನೋಟಕ್ಕೆ ಎರಡೂ ಒಂದೇ. ಆದರೆ ಆಕೆ ಮೊದಲ ದಿನವೇ ಬರೆದಿದ್ದಳು: "ನಮ್ಮ ರೂಮಲ್ಲಿ ಮೂರು ಜನ. ಒಬ್ಳು ನಮ್ಮೂರವ್ಳೇ, ಕೇಳಿಸ್ಕೊಂಡ್ರೆ ಮನೇಗೆ ಹೋಗುತ್ತೆ. ನಂಬರ್ ಕೊಡೋಕೆ ಇಷ್ಟ ಇಲ್ಲ, ಬೇಜಾರಾಗ್ಬೇಡಿ." ಐದನೆಯ ದಿನ ಅವನು ಕೇಳಿದಾಗಲೂ ಅದೇ ಕಾರಣ. ಒಂಬತ್ತನೆಯ ದಿನವೂ ಅದೇ. ಆ್ಯಪ್‌ನಲ್ಲಿದ್ದ ಮ್ಯಾಚನ್ನು ಆಕೆ ತೆಗೆದಿರಲಿಲ್ಲ. ಅವನ ಕಚೇರಿ, ಸಂಬಳ, ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಒಮ್ಮೆಯೂ ಕೇಳಿರಲಿಲ್ಲ. ಮೇಲಾಗಿ, ಕರೆಯ ಬದಲಿಗೆ ತಾನೇ ಒಂದು ದಾರಿ ಸೂಚಿಸಿದ್ದಳು: ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದ ಹತ್ತಿರ ಸಿಗೋಣ, ನನ್ನ ಜೊತೆ ಒಬ್ಬ ಗೆಳತಿ ಇರುತ್ತಾಳೆ, ಪರವಾಗಿಲ್ಲವೇ ಎಂದು. ಧ್ವನಿಯನ್ನು ಕೊಡಲಾಗದವರು ಹಗಲಿನಲ್ಲಿ, ಜನರ ನಡುವೆ, ತಮ್ಮ ಮುಖವನ್ನೇ ತೋರಿಸಲು ಸಿದ್ಧರಾದರೆ ಅದು ಧ್ವನಿಗಿಂತ ದೊಡ್ಡ ಕೊಡುಗೆ. ಚಾಟನ್ನು ಓದಿ ಮುಗಿಸಿ, ಹೋಗಿ ಬಾ ಎಂದು ಆ ಹುಡುಗನಿಗೆ ಹೇಳಿದೆ. ಅವಳು ಬಂದಿದ್ದಳು, ಗೆಳತಿಯೂ ಬಂದಿದ್ದಳು.

ಕರೆಗೆ ಹಿಂಜರಿಯಲು ಪಿಜಿಯೊಂದೇ ಕಾರಣವಲ್ಲ. ಉಗ್ಗು ಇರುವವರು, ಕಿವಿ ಮಂದವಿರುವವರು, ಧ್ವನಿಯಿಂದಲೇ ತಮ್ಮ ಗುರುತು ಬಯಲಾಗಬಹುದೆಂದು ಅಂಜುವ ಲಿಂಗಪರಿವರ್ತಿತರು, ಮನೆಯವರಿಗೆ ಹೇಳಿಕೊಳ್ಳದ ಸಲಿಂಗಿಗಳು, ಇವರೆಲ್ಲರಿಗೂ ಬರಹವೇ ಆಸರೆ. ಕರೆ ಮಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಇವರನ್ನು ಕಳ್ಳರ ಸಾಲಿಗೆ ಸೇರಿಸುವುದು ಅನ್ಯಾಯ. ಆದ್ದರಿಂದ ನಮಗೆ ಬೇಕಾಗಿರುವುದು ಇವರಿಗೆ ನೋವಾಗದಂತೆ ಕೇಳುವ ಒಂದು ಪ್ರಶ್ನೆ.

ಆ ಪ್ರಶ್ನೆಯ ಗುಟ್ಟು ಇಷ್ಟೇ: ಎಚ್ಚರಿಕೆಯುಳ್ಳವರಿಗೆ ಯಾವುದರ ಭಯವಿದೆಯೋ ಅದನ್ನು ಮೊದಲು ನಾವೇ ತೆಗೆದುಹಾಕಬೇಕು. ಬಂಬಲ್‌ನಂಥ ಡೇಟಿಂಗ್ ಆ್ಯಪ್‌ನೊಳಗೇ ನಂಬರ್ ಕೊಡದೆ ಧ್ವನಿ ಕರೆ ಮಾಡುವ ಸೌಲಭ್ಯವಿದೆ. ಅಂಥ ಕಡೆ ಹೀಗೆ ಬರೆಯಬಹುದು: "ನಂಬರ್ ಬೇಡ. ಇದೇ ಆ್ಯಪ್‌ನಲ್ಲಿ ಕರೆ ಮಾಡಬಹುದು. ನಿಮಗೆ ಅನುಕೂಲವಾದ ದಿನ, ಅನುಕೂಲವಾದ ಹೊತ್ತು, ಎರಡೇ ನಿಮಿಷ ಸಾಕು. ಕರೆ ಕಷ್ಟವಾದರೆ ಹಾಗೆಂದು ಹೇಳಿ, ಇಲ್ಲೇ ಬರೆಯುತ್ತಿರೋಣ." ಈಗ ನಂಬರಿನ ಭಯವಿಲ್ಲ, ಹೊತ್ತಿನ ತೊಂದರೆಯಿಲ್ಲ, ಬೇಡವೆನ್ನಲೂ ಅವಕಾಶವಿದೆ. ಎಚ್ಚರಿಕೆಯಿಂದ ಇರುವವರು ಇದಕ್ಕೆ ಒಪ್ಪುತ್ತಾರೆ, ಇಲ್ಲವೇ ತಮ್ಮ ಕಾರಣವನ್ನು ಹೇಳಿ ಇಲ್ಲೇ ಬರೆಯೋಣ ಎನ್ನುತ್ತಾರೆ. ಕೊನೆಯ ಮಾತೇ ನಿರ್ಣಾಯಕ. ನುಣುಚಿಕೊಳ್ಳುವವರಿಗೆ ಇಲ್ಲೇ ಇರುವುದು ಸಾಧ್ಯವಿಲ್ಲ, ಅವರ ಖಾತೆಗೆ ಅಷ್ಟು ಆಯಸ್ಸಿಲ್ಲ. ಅವರು ಕರೆಯನ್ನೂ ನಿರಾಕರಿಸುತ್ತಾರೆ, ಆ್ಯಪ್‌ನಲ್ಲಿ ಉಳಿಯುವುದನ್ನೂ ನಿರಾಕರಿಸುತ್ತಾರೆ, ಮೂರನೆಯ ಸುತ್ತಿಗೆ ತಪ್ಪನ್ನು ನಿಮ್ಮ ಮೇಲೆ ಹೊರಿಸುತ್ತಾರೆ. ಒಂದು ವಾರ ಆ್ಯಪ್‌ನಲ್ಲೇ ಕಾಯುತ್ತೇನೆ ಎಂದು ಹೇಳಿ ನೋಡಿ. ಎಷ್ಟೋ ಸಲ ಆ ವಾರದೊಳಗೆ ಪ್ರೊಫೈಲೇ ಕಾಣೆಯಾಗಿರುತ್ತದೆ.

ಈಗಾಗಲೇ ಹೊರಬಂದಿದ್ದರೆ ವಾಯ್ಸ್ ನೋಟ್ ಕೇಳಬಹುದು, ಆದರೆ ಆ ದಿನದ ಮಾತಿಗೆ ಅಂಟಿಕೊಂಡದ್ದನ್ನು ಕೇಳಬೇಕು. ನಿಮ್ಮ ಹೆಸರು ಹಿಡಿದು, ಬೆಳಗ್ಗೆ ನೀವು ಹೇಳಿದ ಬಸ್ಸಿನ ಕತೆಗೆ ಉತ್ತರವಾಗಿ ಬಂದ ಹತ್ತು ಸೆಕೆಂಡಿನ ಧ್ವನಿಗೆ ಬೆಲೆಯಿದೆ. ಬರೀ ಶುಭರಾತ್ರಿಗೆ ಇಲ್ಲ.

ಕರೆಗೆ ಒಪ್ಪಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಈ ಜಾಲಗಳು ಬೇಕಾದಾಗ ಮಾತನಾಡಲೆಂದೇ ಹೆಣ್ಣುಮಕ್ಕಳನ್ನು ಇಟ್ಟುಕೊಂಡಿರುತ್ತವೆ. ಧ್ವನಿಯನ್ನೂ ವಿಡಿಯೊದಲ್ಲಿನ ಮುಖವನ್ನೂ ಆಗಿಂದಾಗಲೇ ಬದಲಿಸುವ ತಂತ್ರಾಂಶಗಳಿವೆ. ಇನ್ನೊಂದು ಬಗೆಯ ವಂಚನೆಯಂತೂ ಇದಕ್ಕೆ ತದ್ವಿರುದ್ಧ: ಮ್ಯಾಚ್ ಆದ ರಾತ್ರಿಯೇ ವಾಟ್ಸ್‌ಆ್ಯಪ್ ವಿಡಿಯೊ ಕರೆಗೆ ಕರೆದು, ಬೆತ್ತಲೆ ದೃಶ್ಯ ತೋರಿಸಿ, ನಿಮ್ಮ ಮುಖವನ್ನು ಅದರೊಡನೆ ರೆಕಾರ್ಡ್ ಮಾಡಿಕೊಂಡು ಹಣಕ್ಕೆ ಬೆದರಿಸುತ್ತಾರೆ. ಆದ್ದರಿಂದ ನಾನು ಮೊದಲು ಕೇಳಿ ಎನ್ನುವುದು ಧ್ವನಿಯ ಕರೆಯನ್ನು, ವಿಡಿಯೊವನ್ನಲ್ಲ. ಕರೆ ನಡೆದರೆ ಒಂದು ಅನುಮಾನ ಕಡಿಮೆಯಾಗುತ್ತದೆ ಅಷ್ಟೇ. ಹಣದ ಮಾತು ಬಂದ ದಿನ ಆ ಕರೆಯ ನೆನಪಿಗೆ ಯಾವ ಬೆಲೆಯೂ ಇಲ್ಲ.

ಉಪನ್ಯಾಸದ ನಂತರ ಹಿಂದಿನ ಸಾಲಿನಲ್ಲಿದ್ದ ಮಹನೀಯರೊಬ್ಬರು, "ಮೇಡಂ, ನಾನು ಈಗ ಇಂಥದ್ದೇ ಸ್ಥಿತಿಯಲ್ಲಿದ್ದೇನೆ. ಹಣ ಕೊಟ್ಟಿಲ್ಲ, ಆದರೆ ಕಚೇರಿ, ಮನೆ ಎಲ್ಲ ಹೇಳಿದ್ದೇನೆ. ತಕ್ಷಣ ಬ್ಲಾಕ್ ಮಾಡಲೇ?" ಎಂದು ಕೇಳಿದರು. ಬ್ಲಾಕ್ ಮಾಡುವ ಮುನ್ನ ಹತ್ತು ನಿಮಿಷ ಕೊಡಿ ಎಂದೆ. ಆ್ಯಪ್‌ನಲ್ಲಿ ಪ್ರೊಫೈಲ್ ಇನ್ನೂ ಇದ್ದರೆ ಅದರ ಎಲ್ಲ ಪುಟಗಳ ಸ್ಕ್ರೀನ್‌ಶಾಟ್ ತೆಗೆದು, ಅಲ್ಲೇ ರಿಪೋರ್ಟ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಮಾತು ಟೆಲಿಗ್ರಾಂನಲ್ಲಿ ನಡೆದಿದ್ದರೆ ಇನ್ನೂ ಅವಸರ ಬೇಕು, ಅಲ್ಲಿ ಆ ಕಡೆಯವರು ಇಡೀ ಚಾಟನ್ನು ನಿಮ್ಮ ಫೋನಿನಿಂದಲೂ ಅಳಿಸಬಲ್ಲರು. ಫೋನನ್ನು ಬದಲಿಸಬೇಡಿ, ಅದರಲ್ಲಿರುವುದನ್ನು ಅಳಿಸಬೇಡಿ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಇಂಥ ದಾಖಲೆಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಸಾಧನ ನಿಮ್ಮ ಬಳಿ ಇರುವುದು ಒಳ್ಳೆಯದು. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಉಳಿದದ್ದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಹೆಚ್ಚಿರುತ್ತದೆ. ಹಣ ಹೋಗದಿದ್ದರೂ cybercrime.gov.in ನಲ್ಲಿ ದೂರು ದಾಖಲಿಸಬಹುದು, ನಗರದ ಸೈಬರ್ ಅಪರಾಧ ಠಾಣೆಗೂ ಹೋಗಬಹುದು. ಬೇರೆಯವರಂತೆ ನಟಿಸಿ ಕಂಪ್ಯೂಟರ್ ಸಾಧನಗಳ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಅಪರಾಧ. ಅದಕ್ಕೆ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಬರೆದುಕೊಳ್ಳುವಾಗ ಅವರ ಫೋನು ಎರಡು ಸಲ ಕಂಪಿಸಿತು, ಅವರು ಅದನ್ನು ನೋಡಲಿಲ್ಲ.

ಕೊನೆಯ ಪ್ರಶ್ನೆ ಒಬ್ಬ ಯುವತಿಯದು. "ನಾನು ಕರೆಗೆ ಒಪ್ಪದವಳು. ನನಗೆ ಹಿಂದೆ ಕೆಟ್ಟ ಅನುಭವವಾಗಿದೆ. ನೀವು ಹೇಳಿದ್ದನ್ನು ಕೇಳಿದ ಮೇಲೆ ಎಲ್ಲರೂ ನನ್ನನ್ನು ಮೋಸಗಾತಿ ಅಂದುಕೊಳ್ಳಬಹುದು ಅನ್ನಿಸುತ್ತಿದೆ. ನಾನು ಏನು ಬರೆಯಲಿ?" ಎಂದಳು. ನನಗೆ ಆ ಸಂಜೆ ಅತ್ಯಂತ ಮುಖ್ಯವಾಗಿ ಕಂಡ ಪ್ರಶ್ನೆ ಅದು. ನೀನು ನಿನ್ನ ನಿಯಮವನ್ನು ಬದಲಿಸಬೇಕಿಲ್ಲಮ್ಮ, ಅದನ್ನು ಮೊದಲೇ ಹೇಳಿದರೆ ಸಾಕು ಎಂದೆ. ಅವಳು ಪರ್ಸಿನಿಂದ ಬಿಲ್ಲೊಂದನ್ನು ತೆಗೆದು ಅದರ ಹಿಂಬದಿಯಲ್ಲಿ ಬರೆಯತೊಡಗಿದಳು, ಇಬ್ಬರೂ ಸೇರಿ ತಿದ್ದಿದೆವು. ಕೊನೆಗೆ ಉಳಿದದ್ದು ಇಷ್ಟು: "ನಾನು ಮೊದಲ ಮೂರು ವಾರ ಕರೆ ಮಾಡಲ್ಲ, ನಂಬರ್ ಕೊಡಲ್ಲ, ನಿಮ್ಮದನ್ನೂ ಕೇಳಲ್ಲ. ಅಲ್ಲೀವರೆಗೆ ಈ ಆ್ಯಪ್‌ನಲ್ಲೇ ಇರ್ತೀನಿ. ಆಮೇಲೆ ಹಗಲು ಹೊತ್ತು ಎಲ್ಲಾದ್ರೂ ಕಾಫಿಗೆ ಸಿಗೋಣ. ಇದು ಸರಿ ಅನ್ನಿಸದಿದ್ರೆ ಈಗಲೇ ಹೇಳಿ, ಬೇಜಾರಿಲ್ಲ."